ರೋಸ್ಟರಿನಲ್ಲಿ ಹೆಸರಿಲ್ಲದವಳ ನಿದ್ದೆ

ರಾತ್ರಿ 2:40ಕ್ಕೆ ಫೋನ್ ಅರಚಿಕೊಂಡಿತು. ಆ ವಾರ ಆನ್-ಕಾಲ್ ಸರದಿ ನನ್ನದು. ಐದು ನಿಮಿಷದೊಳಗೆ ‘ನೋಡಿದೆ’ ಎಂದು ಒತ್ತದಿದ್ದರೆ ಕರೆ ಇನ್ನೊಬ್ಬ ಸಹೋದ್ಯೋಗಿಯನ್ನು ಎಬ್ಬಿಸುತ್ತದೆ. ಒತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು `df -h` ಹೊಡೆದೆ. ಸರ್ವರಿನ ಡಿಸ್ಕ್ ಶೇ 97 ತುಂಬಿತ್ತು. ಪೂರ್ತಿ ತುಂಬಿದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ, ಗ್ರಾಹಕರ ಪಾವತಿಗಳೆಲ್ಲ ನಿಲ್ಲುತ್ತವೆ.

ಕಾರಣ ದೊಡ್ಡದೊಂದು ಲಾಗ್ ಫೈಲ್. `rm` ಮಾಡಿ ಅಳಿಸಿದೆ. ಮತ್ತೆ ನೋಡಿದರೆ ಅದೇ 97. ಇನ್ನೆರಡು ಫೈಲ್ ಅಳಿಸಿದರೂ ಹೆಚ್ಚೇನೂ ಇಳಿಯಲಿಲ್ಲ. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೂ ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಂ ಅನ್ನು ಮರುಚಾಲನೆ ಮಾಡಬೇಕು. ಹಗಲಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಇದು. ಅದು ನೆನಪಾಗಲು ಆ ರಾತ್ರಿ ಇಪ್ಪತ್ತು ನಿಮಿಷ ಬೇಕಾಯಿತು.

ಇದಕ್ಕೆ ನಿದ್ರಾಜಡತೆ ಎನ್ನಬಹುದು. ಗಾಢ ನಿದ್ದೆಯಿಂದ ತಟ್ಟನೆ ಎದ್ದವರಿಗೆ ಕಣ್ಣು ಬಿಟ್ಟಿದ್ದರೂ ಸಾಮಾನ್ಯವಾಗಿ ಹದಿನೈದು ಮೂವತ್ತು ನಿಮಿಷ ಬುದ್ಧಿ ಮಂಕಾಗಿರುತ್ತದೆ. ತುರ್ತು ಕೆಲಸ ಮಾಡಬೇಕಾಗಿರುವುದೂ ಅದೇ ಹೊತ್ತಿನಲ್ಲಿ.

ಫೋನ್ ಬಾರದ ರಾತ್ರಿಯೂ ಪೂರ್ತಿ ನಮ್ಮದಲ್ಲ. ಸ್ವೀಡನ್ನಿನ ಟೋರ್ಸ್‌ವಾಲ್ ಮತ್ತು ಓಕರ್‌ಸ್ಟೆಡ್ ಹಡಗಿನ ಎಂಜಿನಿಯರುಗಳ ಮಿದುಳಿನ ಅಲೆಗಳನ್ನು ದಾಖಲಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೆಗಂಟೆ ಬರಬಹುದಾದ ರಾತ್ರಿಗಳಲ್ಲಿ ಗಾಢ ನಿದ್ದೆ ಕಡಿಮೆಯಾಗಿತ್ತು, ಎದೆಬಡಿತ ಹೆಚ್ಚಿತ್ತು. ಗಂಟೆ ಬಾರಿಸುವ ಮೊದಲೇ ಹೀಗೆ! ಬಂದೀತೆಂಬ ಅಳುಕೇ ಸಾಕು.

ಮೂರೂವರೆಗೆ ಕೋಣೆಗೆ ಮರಳಿದೆ. ಹೆಂಡತಿ ಎದ್ದೇ ಇದ್ದಳು. “ಮುಗೀತಾ?” ಅಂದಳು. “ಮುಗೀತು.” “ಮತ್ತೆ ಹೊಡ್ಕೊಳುತ್ತಾ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮಗುವನ್ನು ಎಬ್ಬಿಸಿ ಡಬ್ಬಿ ಕಟ್ಟುವವಳು ಅವಳು. ನನಗಾದರೂ ಸರದಿಗೆ ಭತ್ಯೆ ಬರುತ್ತದೆ, ಕೆಲವೊಮ್ಮೆ ತಡವಾಗಿ ಹೋಗಬಹುದು. ಅವಳ ಹೆಸರು ರೋಸ್ಟರಿನಲ್ಲೇ ಇಲ್ಲ. ಆ ವಾರ ನಾವು ಸಿನಿಮಾಕ್ಕೆ ಹೋಗುವುದಿಲ್ಲ. ನೆಂಟರ ಮದುವೆಗೆ ಹೋದರೂ ಊಟದೆಲೆಯ ಪಕ್ಕ ಲ್ಯಾಪ್‌ಟಾಪ್ ಚೀಲ. ಜಗಳವೇನೂ ಆಗುವುದಿಲ್ಲ. ಮೂರನೇ ದಿನದಿಂದ ಅವಳು ಹಾಸಿಗೆಯನ್ನು ಹಾಲ್‌ಗೆ ಒಯ್ಯುತ್ತಾಳೆ, ಅಷ್ಟೆ.

ಡಿಸ್ಕ್ ರಾತ್ರೋರಾತ್ರಿ ತುಂಬಿದ್ದಲ್ಲ. ಹನ್ನೆರಡು ದಿನದಿಂದ ನಿಧಾನವಾಗಿ ಏರುತ್ತಿತ್ತು. ಶೇ 80 ದಾಟಿದಾಗಲೇ ಹಗಲಲ್ಲಿ ಒಂದು ಸಾದಾ ಟಿಕೆಟ್ ಹುಟ್ಟುವಂತೆ ಮಾಡಿದ್ದರೆ ಯಾರಾದರೂ ಕಾಫಿ ಕುಡಿಯುತ್ತಾ ಸರಿಪಡಿಸುತ್ತಿದ್ದರು. ಹಾಗೆ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ರಾತ್ರಿ ಎದ್ದವರು ಹಗಲಲ್ಲಿ ತೂಕಡಿಸುತ್ತಿದ್ದರು.

ಗೂಗಲ್‌ನ ಎಂಜಿನಿಯರುಗಳು 2016ರ ತಮ್ಮ ಪುಸ್ತಕದಲ್ಲಿ ಹನ್ನೆರಡು ಗಂಟೆಯ ಪಾಳಿಗೆ ಎರಡೇ ಘಟನೆ ಎಂಬ ಮಿತಿ ಹಾಕಿಕೊಂಡಿದ್ದಾರೆ. ಒಂದೊಂದರ ಮೂಲ ಹುಡುಕಿ, ದುರಸ್ತಿ ಮಾಡಿ, ವರದಿ ಬರೆಯಲು ಸುಮಾರು ಆರು ಗಂಟೆ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ನನಗೆ ಅಂದು ರಾತ್ರಿಯೊಂದರಲ್ಲೇ ನಾಲ್ಕು ಸಲ ಫೋನ್ ಬಂದಿತ್ತು.