ಸೋರುವ ಚಾವಣಿ, ಬರಬೇಕಾದ ಅಡ್ವಾನ್ಸ್: ಎರಡಕ್ಕೂ ಒಂದೇ ಪತ್ರ

ಮೇಲಿನ ಮಹಡಿಯ ಬಾಡಿಗೆ ಮನೆ. ಜುಲೈ ಮಳೆಗೆ ಮಲಗುವ ಕೋಣೆಯ ಚಾವಣಿಯಲ್ಲಿ ತಟ್ಟೆಯಗಲದ ಕಂದು ಕಲೆ ಮೂಡಿತು. ಫೋನ್ ಮಾಡಿದರೆ ಮಾಲೀಕರು "ಮಳೆ ನಿಲ್ಲಲಿ, ನೋಡೋಣ" ಎಂದರು. ಮನೆ ಬಿಡುವ ದಿನ ಅದೇ ಕಲೆ ತೋರಿಸಿ, ಬಣ್ಣಕ್ಕೆಂದು ಅಡ್ವಾನ್ಸ್‌ನಲ್ಲಿ ಹಣ ಮುರಿದುಕೊಂಡರು. ಬೆಂಗಳೂರಿನ ಬಾಡಿಗೆದಾರರಿಗೆ ಇದು ಹೊಸ ಕಥೆಯಲ್ಲ. ಬಾಯಿಮಾತಿಗೆ ಸಾಕ್ಷಿಯಿಲ್ಲದ್ದರಿಂದ, ಸೋರಿದಾಗಲೇ ಬರೆದ ಪತ್ರ ಮುಂದೆ ಅಡ್ವಾನ್ಸನ್ನೂ ಕಾಯುತ್ತದೆ.

ಬರೆಯುವ ಮುನ್ನ ಒಂದು ವಾರ ಕಲೆಯನ್ನು ಗಮನಿಸಿ. ಮಳೆ ಬಂದಾಗ ಮಾತ್ರ ಹಿಗ್ಗಿದರೆ ತಾರಸಿಯ ಬಿರುಕು ಅಥವಾ ಕಟ್ಟಿಕೊಂಡ ಮಳೆನೀರಿನ ಪೈಪು ಕಾರಣವಿರಬಹುದು. ಬಿಸಿಲಿದ್ದರೂ ಒಣಗದಿದ್ದರೆ ನೀರಿನ ಟ್ಯಾಂಕ್ ಅಥವಾ ಪೈಪನ್ನು ನೋಡಿಸಬೇಕು. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು ಫೋಟೊ ತೆಗೆಯಿರಿ. ಮುಂದಿನ ಮಳೆಗೆ ಕಲೆ ಗೆರೆ ದಾಟಿದರೆ ಬೇರೆ ಸಾಕ್ಷಿ ಬೇಡ.

ತಿಂಗಳಿಗೆ 18,000 ರೂಪಾಯಿ ಬಾಡಿಗೆ, 1,80,000 ಅಡ್ವಾನ್ಸ್ ಇದೆ ಎಂದಿಟ್ಟುಕೊಳ್ಳಿ. ಪತ್ರ ಹೀಗಿರಲಿ:

"ಮಾನ್ಯರೇ, ಜುಲೈ 12ರ ಮಳೆಯಿಂದ ಮಲಗುವ ಕೋಣೆಯ ಚಾವಣಿ ಸೋರುತ್ತಿದೆ. ಅಂದೇ ಫೋನಿನಲ್ಲಿ ತಿಳಿಸಿದ್ದೆ. ಫೋಟೊ ಲಗತ್ತಿಸಿದ್ದೇನೆ. ದಯವಿಟ್ಟು ಆಗಸ್ಟ್ 20ರೊಳಗೆ ತಾರಸಿ ರಿಪೇರಿ ಮಾಡಿಸಿಕೊಡಿ. ಕೆಲಸದವರು ಬರುವ ದಿನ ನಾನು ಮನೆಯಲ್ಲಿರುತ್ತೇನೆ. ಸೆಪ್ಟೆಂಬರ್ 30ಕ್ಕೆ ಮನೆ ಖಾಲಿ ಮಾಡುತ್ತಿದ್ದೇನೆ. ಕರಾರಿನಂತೆ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಕಳೆದು, ಉಳಿದ 1,62,000 ರೂಪಾಯಿಯನ್ನು ಕೀ ಒಪ್ಪಿಸುವ ದಿನವೇ ನನ್ನ ಖಾತೆಗೆ ಹಾಕಬೇಕಾಗಿ ಕೋರುತ್ತೇನೆ. ಸೋರಿಕೆಯಿಂದಾದ ಕಲೆಗೆ ಬೇರೆ ಹಣ ಕಳೆಯಬಾರದೆಂದು ವಿನಂತಿ."

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ತಾರೀಖು, ಮೊತ್ತ, ಗಡುವು ಇವೆ. ಪತ್ರವನ್ನು ಕೈಗೆ ಕೊಟ್ಟರೆ ನಕಲಿನ ಮೇಲೆ ಸಹಿ ಪಡೆಯಿರಿ. ಇಲ್ಲದಿದ್ದರೆ ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ.

ಗಡುವು ಮುಗಿದರೂ ರಿಪೇರಿ ಆಗದಿದ್ದರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಒಂದು ದಾರಿ ಕೊಡುತ್ತದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಮಂಜಸ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಆ ರಿಪೇರಿ ಮಾಲೀಕರ ಹೊಣೆ ಎಂಬುದು ಸ್ಪಷ್ಟವಿರಬೇಕು. ಹಾಗಾಗಿ ಮೊದಲು ಕರಾರುಪತ್ರ ಓದಿ. ಅದರಲ್ಲಿ ಏನೂ ಬರೆದಿರದಿದ್ದರೆ ವಕೀಲರನ್ನು ಕೇಳದೆ ಬಾಡಿಗೆ ಮುರಿಯಬೇಡಿ. ಅಪಾರ್ಟ್‌ಮೆಂಟ್‌ಗಳಲ್ಲಿ ತಾರಸಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ರಿಪೇರಿಗೆ ಸಂಘದ ಒಪ್ಪಿಗೆ ಬೇಕಾಗಬಹುದು, ಆ ಒಪ್ಪಿಗೆ ತರುವಂತೆ ಮಾಲೀಕರನ್ನೇ ಕೇಳಿ.

ಖಾಲಿ ಮಾಡುವ ದಿನ ಮಾಲೀಕರ ಜೊತೆ ಕೋಣೆ ಕೋಣೆ ಸುತ್ತಿ, ವಿದ್ಯುತ್ ಮತ್ತು ನೀರಿನ ಬಿಲ್ಲಿನ ಲೆಕ್ಕ ಮುಗಿಸಿ, ಕೀ ಕೊಟ್ಟದ್ದಕ್ಕೆ ಬರಹದಲ್ಲಿ ಸಹಿ ಪಡೆಯಿರಿ. ಮುಂದಿನ ಮನೆಯ ಕರಾರಿಗೆ ಸಹಿ ಹಾಕುವಾಗ ಎರಡು ಸಾಲು ಸೇರಿಸಲು ಮರೆಯಬೇಡಿ: ಚಾವಣಿ ರಿಪೇರಿ ಯಾರ ಹೊಣೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್.