ಬಿಸಿ ತಾಮ್ರ, ತಣ್ಣೀರು ಮತ್ತು ಒಂದು ಥರ್ಮಾಕೋಲ್ ಲೋಟ

ಒಂದು ಗ್ರಾಂ ವಸ್ತುವಿನ ತಾಪಮಾನವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಆ ವಸ್ತುವಿನ ವಿಶಿಷ್ಟೋಷ್ಣ. ನೀರಿಗೆ ಇದು ಸುಮಾರು 4.18 ಜೂಲ್, ತಾಮ್ರಕ್ಕೆ ಕೇವಲ 0.385 ಜೂಲ್. ತಾಮ್ರದ ಈ ಸಂಖ್ಯೆಯನ್ನು ಕಾಫಿ ಕುಡಿಯುವ ಥರ್ಮಾಕೋಲ್ ಲೋಟ, ಒಂದು ತಕ್ಕಡಿ ಮತ್ತು ಒಂದು ಥರ್ಮಾಮೀಟರ್ ಇದ್ದರೆ ಯಾರಾದರೂ ಅಳೆಯಬಹುದು.

ಅಳತೆಯ ಹಿಂದಿರುವ ತತ್ವ ಸರಳ. ಕಾದ ಲೋಹವನ್ನು ತಣ್ಣೀರಿಗೆ ಹಾಕಿದರೆ ಲೋಹ ಆರುತ್ತದೆ, ನೀರು ಬೆಚ್ಚಗಾಗುತ್ತದೆ. ಎರಡೂ ಒಂದೇ ತಾಪಮಾನಕ್ಕೆ ಬಂದಾಗ ಶಾಖದ ಹರಿವು ನಿಲ್ಲುತ್ತದೆ. ಶಾಖ ಹೊರಗೆ ಸೋರದಿದ್ದರೆ ಲೋಹ ಕಳೆದುಕೊಂಡಷ್ಟನ್ನೇ ನೀರು ಪಡೆದಿರುತ್ತದೆ. ನೀರಿನ ವಿಶಿಷ್ಟೋಷ್ಣ ಮೊದಲೇ ಗೊತ್ತಿರುವುದರಿಂದ ಅದು ಪಡೆದ ಶಾಖವನ್ನು ಲೆಕ್ಕ ಹಾಕಬಹುದು, ಅದರಿಂದ ಲೋಹದ ವಿಶಿಷ್ಟೋಷ್ಣವನ್ನು ಹೊರತೆಗೆಯಬಹುದು. ಥರ್ಮಾಕೋಲಿನ ತುಂಬ ಗಾಳಿಯ ಸಣ್ಣ ಗುಳ್ಳೆಗಳಿರುವುದರಿಂದ ಅದು ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ತೂಕವೂ ಎರಡು ಮೂರು ಗ್ರಾಂ ಅಷ್ಟೇ ಆದ್ದರಿಂದ ಲೋಟ ತಾನೇ ಹೀರುವ ಶಾಖವೂ ಅತ್ಯಲ್ಪ. ಒಂದರೊಳಗೊಂದು ಎರಡು ಲೋಟಗಳನ್ನಿಟ್ಟು, ಮೇಲೊಂದು ಮುಚ್ಚಳ ಹಾಕಿದರೆ ಉಪಕರಣ ಸಿದ್ಧ.

100 ಗ್ರಾಂ ತೂಕದ ತಾಮ್ರದ ತುಂಡನ್ನು ದಾರಕ್ಕೆ ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಳಿಬಿಡಬೇಕು. ಆಗ ಅದರ ಒಳಭಾಗವೂ ಕುದಿನೀರಿನ ತಾಪಮಾನಕ್ಕೆ ಬರುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂದು ಓದಿದ್ದನ್ನೇ ಇಲ್ಲಿ ಬರೆದುಕೊಳ್ಳುವಂತಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹೀಗಾಗಿ ಕುದಿನೀರಿಗೂ ಥರ್ಮಾಮೀಟರ್ ಇಟ್ಟು ನೋಡಲೇಬೇಕು.

ಲೋಟದಲ್ಲಿ 25.0 ಡಿಗ್ರಿಯ 100 ಗ್ರಾಂ ನೀರಿದೆ ಎಂದುಕೊಳ್ಳೋಣ. ತಾಮ್ರವನ್ನು ಮೇಲೆತ್ತಿ, ಒಮ್ಮೆ ಕೊಡವಿ, ನೀರು ಚಿಮ್ಮದಂತೆ ಬೇಗನೆ ಲೋಟಕ್ಕಿಳಿಸಿ ಮುಚ್ಚಬೇಕು. ಮೆಲ್ಲಗೆ ಕಲಕುತ್ತ ಇಪ್ಪತ್ತು ಸೆಕೆಂಡಿಗೊಮ್ಮೆ ತಾಪಮಾನ ಬರೆದುಕೊಳ್ಳಬೇಕು. ಒಂದು ನಿಮಿಷದಲ್ಲಿ ಅದು 30.8 ಡಿಗ್ರಿಗೇರಿ, ಅಲ್ಲಿಂದ ನಿಮಿಷಕ್ಕೆ 0.1 ಡಿಗ್ರಿಯಂತೆ ಇಳಿಯತೊಡಗಿತು ಎನ್ನೋಣ. ಏರುವ ಆ ಒಂದು ನಿಮಿಷದಲ್ಲೂ ಸ್ವಲ್ಪ ಶಾಖ ಸೋರಿರುತ್ತದೆ. ಇಳಿಜಾರಿನ ಅಂಕಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವನ್ನು ಸೇರಿಸುವ ಗೆರೆಯನ್ನು ಲೋಹ ಹಾಕಿದ ಕ್ಷಣದವರೆಗೆ ಹಿಂದಕ್ಕೆ ಎಳೆದರೆ 30.9 ಡಿಗ್ರಿ ಸಿಗುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ ಕೊನೆಯ ತಾಪಮಾನ ಇದು.

ನೀರು ಏರಿದ್ದು 5.9 ಡಿಗ್ರಿ. ಅದು ಪಡೆದ ಶಾಖ 100 × 4.18 × 5.9, ಅಂದರೆ ಸುಮಾರು 2466 ಜೂಲ್. ತಾಮ್ರ 97.0ರಿಂದ 30.9ಕ್ಕೆ, ಅಂದರೆ 66.1 ಡಿಗ್ರಿ ಇಳಿದಿದೆ. 2466ನ್ನು 100 × 66.1ರಿಂದ ಭಾಗಿಸಿದರೆ 0.373 ಬರುತ್ತದೆ. ಪುಸ್ತಕದ ಬೆಲೆಗಿಂತ ಇದು ಶೇಕಡಾ 3ರಷ್ಟು ಮಾತ್ರ ಕಡಿಮೆ.

ಉತ್ತರ ಯಾವ ಕಡೆಗೆ ತಪ್ಪಿದೆ ಎಂಬುದೇ ತಪ್ಪಿನ ಮೂಲವನ್ನು ಹೇಳುತ್ತದೆ. ಲೋಹ ಗಾಳಿಯಲ್ಲಿ ಸಾಗುವಾಗ ಆರಿದರೆ, ಲೋಟವೂ ಥರ್ಮಾಮೀಟರೂ ಒಂದಿಷ್ಟು ಶಾಖ ಹೀರಿದರೆ ಉತ್ತರ ಕಡಿಮೆ ಬರುತ್ತದೆ. ಕುದಿಬಿಂದುವನ್ನು ಅಳೆಯದೆ 100 ಎಂದು ಬರೆದರೂ ಅಷ್ಟೇ. ಮೇಲಿನ ಲೆಕ್ಕದಲ್ಲಿ ಅದು 0.357ಕ್ಕೆ ಇಳಿಯುತ್ತದೆ. ಉತ್ತರ ಹೆಚ್ಚು ಬಂದರೆ ಮೊದಲು ಅನುಮಾನಿಸಬೇಕಾದದ್ದು ಲೋಹಕ್ಕೆ ಅಂಟಿಕೊಂಡು ಬಂದ ಕುದಿನೀರನ್ನು. ಒಂದೇ ಒಂದು ಗ್ರಾಂ ಬಂದರೂ ಅದು ಸುಮಾರು 276 ಜೂಲ್ ಹೆಚ್ಚುವರಿ ಶಾಖ ತರುತ್ತದೆ, ಉತ್ತರವನ್ನು ಶೇಕಡಾ 11ರಷ್ಟು ಉಬ್ಬಿಸುತ್ತದೆ. ತಾಮ್ರದ ಹನ್ನೊಂದು ಗ್ರಾಮಿಗೆ ಸಮನಾದ ಶಾಖ ನೀರಿನ ಒಂದೇ ಗ್ರಾಮಿನಲ್ಲಿ ಅಡಗಿರುವುದೇ ಇದಕ್ಕೆ ಕಾರಣ. ಪ್ರಯೋಗ ಮುಗಿದ ಮೇಲೆ ಲೋಟವನ್ನು ಮತ್ತೆ ತೂಗಿದರೆ ಈ ಕಳ್ಳನೀರು ಸಿಕ್ಕಿಬೀಳುತ್ತದೆ.

ಇವೆಲ್ಲವನ್ನು ಸರಿಪಡಿಸಿದರೂ ಒಂದು ಮಿತಿ ಉಳಿಯುತ್ತದೆ. ನೀರಿನ ಏರಿಕೆ ಆರು ಡಿಗ್ರಿಯೊಳಗೇ ಇರುವಾಗ, ಓದುವುದರಲ್ಲಿ 0.1 ಡಿಗ್ರಿ ತಪ್ಪಿದರೆ ಉತ್ತರದಲ್ಲಿ ಶೇಕಡಾ ಎರಡರ ಹತ್ತಿರ ವ್ಯತ್ಯಾಸವಾಗುತ್ತದೆ. ಲೋಹ ಮುಳುಗುವಷ್ಟು ಮಾತ್ರ ನೀರು ಹಾಕಿದರೆ ಏರಿಕೆ ಹೆಚ್ಚುತ್ತದೆ, ಈ ತಪ್ಪಿನ ಪಾಲು ತಗ್ಗುತ್ತದೆ. ಇಷ್ಟು ನಿಖರತೆಯಲ್ಲಿ 0.385ರ ತಾಮ್ರವನ್ನು 0.90ರ ಅಲ್ಯೂಮಿನಿಯಂನಿಂದ ಖಚಿತವಾಗಿ ಬೇರೆ ಮಾಡಬಹುದು. ಆದರೆ ತಾಮ್ರವನ್ನೂ ಸುಮಾರು 0.39ರ ಸತುವನ್ನೂ ಈ ಲೋಟದಿಂದ ಬೇರ್ಪಡಿಸಲಾಗದು. ಅದಕ್ಕೆ ಸಾಂದ್ರತೆಯನ್ನು ಅಳೆಯಬೇಕಾಗುತ್ತದೆ.