‘ವರ್ಷಕ್ಕೆ ಶೇ. 110 ಲಾಭ’: ಆ ಹಣ ಎಲ್ಲಿಂದ ಬರ್ತದೆ?

2020ರ ಹೊತ್ತಿಗೆ ಮಲಬಾರ್ ಭಾಗದಲ್ಲಿ ಸದ್ದು ಮಾಡಿದ್ದ ಮೋರಿಸ್ ಕಾಯಿನ್ ಅನ್ನು ಕಾಸರಗೋಡಿನ ಜನ ಮರೆತಿರಲಿಕ್ಕಿಲ್ಲ. 15,000 ರೂಪಾಯಿ ಹಾಕಿದರೆ ದಿನಕ್ಕೆ 270 ರೂಪಾಯಿಯಂತೆ 300 ದಿನ ಕೊಡ್ತೇವೆ ಎಂಬುದು ಅದರ ಭರವಸೆಯಾಗಿತ್ತು. ಅಂದರೆ ಒಟ್ಟು 81,000 ರೂಪಾಯಿ. ಈ 270 ರೂಪಾಯಿ ಯಾವ ವ್ಯಾಪಾರದಿಂದ ಬರ್ತದೆ ಎಂದು ಕೇಳಿದವರು ಕಡಿಮೆ. ಕೊನೆಗೆ ಪ್ರಕರಣ ಪೊಲೀಸರು ಮತ್ತು ಜಾರಿ ನಿರ್ದೇಶನಾಲಯದ ತನಿಖೆಗೆ ಹೋಯಿತು.

ಈಗ ಯುವಕರ ಮೊಬೈಲಿಗೆ ಬರುತ್ತಿರುವ ಹೆಸರು ‘ಯೀಲ್ಡ್ ಫಾರ್ಮಿಂಗ್’. ಇದು ಮೋರಿಸ್ ಕಾಯಿನ್‌ನಂಥದ್ದೇ ಅಲ್ಲ. ಇದರಲ್ಲಿ ನಿಜವಾದ ವ್ಯವಹಾರವೂ ಇರ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ಒಂದು ಲೆಕ್ಕ ನೋಡೋಣ. ಒಂದು ತಾಣ ತನ್ನದೇ ಟೋಕನ್ ಮತ್ತು ಡಾಲರ್ ಬೆಲೆಯ ನಾಣ್ಯ USDT, ಇವೆರಡನ್ನೂ ಸಮಪಾಲಿನಲ್ಲಿ ಸೇರಿಸಿ ಒಂದು ಕೂಡು ನಿಧಿ ಮಾಡಿದೆ. ಜನರು ಹಾಕಿದ್ದು ಒಟ್ಟು 1 ಕೋಟಿ ರೂಪಾಯಿ. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯಲು ಬರುವವರು ಶೇ. 0.3 ಶುಲ್ಕ ಕೊಡಬೇಕು. ದಿನಕ್ಕೆ 10 ಲಕ್ಷದ ವಹಿವಾಟು ನಡೆದರೆ ಶುಲ್ಕ 3,000 ರೂಪಾಯಿ, ವರ್ಷಕ್ಕೆ ಸುಮಾರು 11 ಲಕ್ಷ. ಅಂದರೆ ನಿಜವಾದ ಗಳಿಕೆ ಶೇ. 11.

ಹಾಗಾದರೆ ಶೇ. 110 ಹೇಗೆ? ಉಳಿದ ಶೇ. 99ನ್ನು ತಾಣವು ತಾನೇ ಹೊಸದಾಗಿ ಸೃಷ್ಟಿಸಿದ ಟೋಕನ್‌ಗಳಲ್ಲಿ ಕೊಡ್ತದೆ. ಅದರ ಇಂದಿನ ಬೆಲೆ ಇಡೀ ವರ್ಷ ಹಾಗೇ ಇರ್ತದೆ ಎಂದು ಹಿಡಿದು ಲೆಕ್ಕ ತೋರಿಸ್ತದೆ. ಆದರೆ ಬಹುಮಾನ ಸಿಕ್ಕಿದವರು ಮಾರಲಿಕ್ಕೆ ಹೊರಡ್ತಾರೆ. ಕೊಳ್ಳುವ ಹೊಸಬರು ಬಂದರೆ ಮಾತ್ರ ಬೆಲೆ ನಿಲ್ತದೆ. ಹಾಗಾಗಿ ಈ ಪಾಲಿನ ಹಣ ಬರುವುದು ಆ ಹೊಸಬರ ಕಿಸೆಯಿಂದ.

ಅವರು ಬಾರದೆ ಟೋಕನ್ ಬೆಲೆ ಹತ್ತನೇ ಒಂದಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 1 ಲಕ್ಷ ಹಾಕಿದವನು ಮಾರದೆ ಇಟ್ಟುಕೊಂಡ 99,000ದ ಬಹುಮಾನ 9,900 ಆಗ್ತದೆ. ಅಸಲೂ ಉಳಿಯುವುದಿಲ್ಲ. ಬೆಲೆ ಇಳಿಯುವಾಗ ಜನ ನಿಧಿಗೆ ಟೋಕನ್ ಸುರಿದು USDT ಎತ್ತಿಕೊಂಡು ಹೋಗ್ತಾರೆ. ಇದರಿಂದ ಅವನ ಪಾಲು ಸುಮಾರು 31,600ಕ್ಕೆ ಇಳಿಯುತ್ತದೆ. ಶುಲ್ಕದ 11,000 ಪೂರ್ತಿ ಸಿಕ್ಕಿತೆಂದರೂ ಕೈಗೆ ಬರುವುದು ಸುಮಾರು 52,500. ಜಾಹೀರಾತಿನಲ್ಲಿ ಕಂಡದ್ದು 2,10,000.

ಇದನ್ನು ಮೊದಲೇ ತಿಳಿಯಲು ದಾರಿ ಉಂಟು. DefiLlama ತಾಣದಲ್ಲಿ ಇಂಥ ಹಲವು ನಿಧಿಗಳ Base APY, Reward APY ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲನೆಯದು ವ್ಯವಹಾರದ ಗಳಿಕೆ, ಎರಡನೆಯದು ಬಹುಮಾನದ ಟೋಕನ್. ಈ ವಿಂಗಡಣೆಯನ್ನೇ ಹೇಳಲಾಗದ ಏಜೆಂಟನ ಕೈಗೆ ಗಲ್ಫ್‌ನಲ್ಲಿ ದುಡಿದ ಹಣ ಕೊಡುವ ಮೊದಲು ಈ ಲೆಕ್ಕವನ್ನು ಒಮ್ಮೆ ಕಾಗದದಲ್ಲಿ ಬರೆದು ನೋಡುವುದು ಒಳ್ಳೆಯದು.